ನೆರೆಮನೆಯ ಸದ್ದು, ಹೊಗೆ, ಸೋರಿಕೆ: ಸಿವಿಲ್ ಕೋರ್ಟಿನಲ್ಲಿ ಏನನ್ನು ಕೇಳಬೇಕು?

ಚಾವಣಿಯಲ್ಲಿ ಮೊದಲು ಬಣ್ಣದ ಗುಳ್ಳೆ ಏಳುತ್ತದೆ. ಬೆರಳಿಂದ ಒತ್ತಿದರೆ ಮೆತ್ತಗಿರುತ್ತದೆ. ವಾರ ಕಳೆಯುವಷ್ಟರಲ್ಲಿ ಹಳದಿ ಕಲೆ, ಅದರ ಅಂಚಿಗೆ ಬಿಳಿ ಉಪ್ಪು. ಆಮೇಲೆ ಒಂದು ದಿನ ಕಪಾಟಿನ ಬಾಗಿಲು ಉಬ್ಬಿಕೊಂಡು ಮುಚ್ಚುವುದೇ ಇಲ್ಲ. ಮೇಲ್ಮನೆಯವರನ್ನು ಕೇಳಿದರೆ "ನಮ್ಮ ಬಾತ್‌ರೂಮಲ್ಲಿ ಏನೂ ತೊಂದರೆ ಇಲ್ವಲ್ಲ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜವೂ ಹೌದು. ನೀರು ಹೋಗುತ್ತಿರುವುದು ಕೆಳಗಡೆ.

ಹೀಗೆ ಬೇಸತ್ತವರು ವಕೀಲರ ಹತ್ತಿರ ಹೋಗಿ "ಒಂದು ಸ್ಟೇ ತಂದುಕೊಡಿ ಸಾರ್" ಎನ್ನುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲೇ. ರಾತ್ರಿ ಹನ್ನೊಂದಕ್ಕೆ ಮೆಷಿನ್ ಓಡಿಸುವ ಪಕ್ಕದವರಿಗೆ ಹೊಂದುವ ಆದೇಶ ಸೋರುವ ಪೈಪಿಗೆ ಹೊಂದುವುದಿಲ್ಲ. ತಪ್ಪು ಪರಿಹಾರ ಕೇಳಿ ಕೇಸು ಗೆದ್ದರೆ ಕೈಯಲ್ಲಿ ಡಿಕ್ರಿ ಇರುತ್ತದೆ, ಚಾವಣಿ ಮಾತ್ರ ಸೋರುತ್ತಲೇ ಇರುತ್ತದೆ. ಯಾವ ತೊಂದರೆಗೆ ಯಾವ ಆದೇಶ ಕೇಳಬೇಕು ಎನ್ನುವುದನ್ನು ಇಲ್ಲಿ ಹೋಲಿಸಿ ನೋಡೋಣ. ಸೋರಿಕೆಯ ಬಗ್ಗೆ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಜನ ಹೆಚ್ಚು ತಪ್ಪುವುದು ಅದರಲ್ಲೇ.

ಕೋರ್ಟ್ ಕೊಡಬಲ್ಲ ಮೂರು

ನೆರೆಯವರಿಂದಾಗುವ ಉಪದ್ರವಕ್ಕೆ ನಮ್ಮ ದೇಶದ ಸಿವಿಲ್ ಕೋರ್ಟ್ ಮುಖ್ಯವಾಗಿ ಮೂರು ಬಗೆಯ ಪರಿಹಾರ ಕೊಡುತ್ತದೆ. ಒಂದು, "ಇನ್ನು ಮುಂದೆ ಹೀಗೆ ಮಾಡಬೇಡ" ಎನ್ನುವ ಶಾಶ್ವತ ನಿರ್ಬಂಧಕಾಜ್ಞೆ. ಕೋರ್ಟಿನ ಆವರಣದಲ್ಲಿ ಎಲ್ಲರೂ ಪರ್ಮನೆಂಟ್ ಇಂಜಂಕ್ಷನ್ ಎನ್ನುತ್ತಾರೆ. ಎರಡು, "ಈ ಕೆಲಸ ಮಾಡಿ ಸರಿಪಡಿಸು" ಎನ್ನುವ ಮ್ಯಾಂಡೇಟರಿ ಇಂಜಂಕ್ಷನ್. ಮೂರು, "ಆದ ನಷ್ಟಕ್ಕೆ ದುಡ್ಡು ಕೊಡು" ಎನ್ನುವ ನಷ್ಟ ಪರಿಹಾರದ ಡಿಕ್ರಿ. ಮೂರಕ್ಕೂ ಆಧಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿದೆ: ಮೊದಲನೆಯದು ಕಲಂ 38, ಎರಡನೆಯದು 39, ಆಜ್ಞೆಯ ಜೊತೆಗೆ ನಷ್ಟ ಪರಿಹಾರವನ್ನೂ ಕೇಳಲು 40.

ಆಯ್ಕೆ ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನಿಮಗೆ ತೊಂದರೆ ಕೊಡುತ್ತಿರುವುದು ಅವರ ನಡವಳಿಕೆಯೋ, ಅವರ ಮನೆಯಲ್ಲಿ ಕೆಟ್ಟಿರುವ ಒಂದು ವಸ್ತುವೋ? ಸದ್ದು ಬಹುಪಾಲು ನಡವಳಿಕೆ. ಅವರು ನಿಲ್ಲಿಸಿದರೆ ನಿಲ್ಲುತ್ತದೆ, ಹಾಗಾಗಿ "ಮಾಡಬೇಡ" ಎಂದರೆ ಸಾಕು. ಸೋರಿಕೆ ಹಾಗಲ್ಲ. ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಎಲ್ಲರೂ ಸುಮ್ನೆ ಇದ್ದರೂ ನೀರು ಇಳಿಯುತ್ತದೆ. ಅಲ್ಲಿ "ಮಾಡು" ಎನ್ನುವ ಆದೇಶವೇ ಬೇಕು. ಹೊಗೆಯಲ್ಲಿ ಎರಡೂ ಸೇರಿರುತ್ತವೆ.

ಸದ್ದಿಗೆ: ತಡೆಯೇ ಮುಖ್ಯ

ಸದ್ದಿನ ದಾವೆ ಗೆಲ್ಲುವುದು ಅದು ಎಷ್ಟು ಸಲ, ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಬರುತ್ತದೆ ಎನ್ನುವುದರ ಮೇಲೆ. ಮಗು ಅಳುವುದು, ಹಬ್ಬದ ದಿನದ ಗಲಾಟೆ, ಕುರ್ಚಿ ಎಳೆಯುವ ಶಬ್ದ, ಇವೆಲ್ಲ ಅಕ್ಕಪಕ್ಕ ಬದುಕುವಾಗ ಸಹಿಸಬೇಕಾದವು ಎಂದು ಕೋರ್ಟ್ ನೋಡುತ್ತದೆ. ಸಾಮಾನ್ಯ ಮನುಷ್ಯನಿಗೆ ಅಲ್ಲಿ ನೆಮ್ಮದಿಯಾಗಿ ಇರಲು ಆಗುತ್ತದೆಯೇ ಎನ್ನುವುದು ಅಳತೆ. ಹಾಗಂತ ಬಡಾವಣೆಯಲ್ಲಿ ಮೊದಲೇ ಗದ್ದಲ ಇದೆ ಎಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಹಿಟ್ಟಿನ ಗಿರಣಿಯೊಂದರ ವಿಷಯದಲ್ಲಿ ಅಲಹಾಬಾದ್ ಹೈಕೋರ್ಟ್ ನೀಡಿದ, 1978ರಲ್ಲಿ ವರದಿಯಾದ ತೀರ್ಪು ಇದನ್ನೇ ಹೇಳಿತು. ಇರುವ ಗದ್ದಲದ ಮೇಲೆ ಗಮನಾರ್ಹವಾಗಿ ಇನ್ನಷ್ಟು ಸದ್ದು ಸೇರಿಸಿದರೆ ಅದೂ ಉಪದ್ರವವೇ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಈ ಅಂಕಿ ಕೈಯಲ್ಲಿದ್ದರೆ ವಾದಕ್ಕೆ ಬಲ ಬರುತ್ತದೆ. ಆದರೆ ಫೋನಿನ ಆ್ಯಪ್‌ನಲ್ಲಿ ಅಳೆದದ್ದನ್ನು ಎದುರು ವಕೀಲರು ಐದು ನಿಮಿಷದಲ್ಲಿ ಒಡೆದು ಹಾಕುತ್ತಾರೆ, ಏಕೆಂದರೆ ಆ ಅಳತೆ ಸರಿಯೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಅದಕ್ಕಿಂತ ಎರಡು ತಿಂಗಳ ಡೈರಿ ಹೆಚ್ಚು ಕೆಲಸಕ್ಕೆ ಬರುತ್ತದೆ. ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಮನೆಯಲ್ಲಿ ಯಾರಿದ್ದರು, ಇಷ್ಟು ಬರೆದಿಡಿ. ಜೊತೆಗೆ ಇನ್ನೊಂದು ಮನೆಯವರ ಸಾಕ್ಷಿ, ಪೊಲೀಸರಿಗೆ ಕೊಟ್ಟ ದೂರಿನ ಹಿಂಬರಹ.

ದಾವೆಯಲ್ಲಿ ಏನು ಬೇಕು ಎಂದು ಕೋರ್ಟನ್ನು ಕೇಳುವ ಭಾಗಕ್ಕೆ ಪ್ರಾರ್ಥನೆ ಎನ್ನುತ್ತಾರೆ. ಅದರಲ್ಲಿ "ಸದ್ದು ಮಾಡಬಾರದು" ಎಂದು ಬರೆದರೆ ಜಾರಿ ಮಾಡುವುದು ಕಷ್ಟ. "ಈ ಮೆಷಿನನ್ನು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಓಡಿಸಬಾರದು" ಎಂದು ಬರೆದರೆ ಉಲ್ಲಂಘನೆ ಆಯಿತೋ ಇಲ್ಲವೋ ಎನ್ನುವುದು ಯಾರಿಗೂ ತಿಳಿಯುತ್ತದೆ. ದುಡ್ಡಿನ ಪರಿಹಾರ ಇಲ್ಲಿ ಎರಡನೇ ಸ್ಥಾನದಲ್ಲಿದೆ. ನಿದ್ದೆ ಕೆಟ್ಟದ್ದಕ್ಕೆ ಬೆಲೆ ಕಟ್ಟುವುದು ಕಷ್ಟ. ಹಾಗೆ ಬೆಲೆ ಕಟ್ಟಲಾಗದ್ದಕ್ಕೇ ಕಾನೂನು ನಿರ್ಬಂಧಕಾಜ್ಞೆಯನ್ನು ಇಟ್ಟಿರುವುದು.

ಹೊಗೆಗೆ: ಮಧ್ಯದ ದಾರಿ

ಹೊಗೆಯ ಕೇಸಿನಲ್ಲಿ ಪೂರ್ತಿ ನಿಲ್ಲಿಸಿ ಎಂದು ಕೇಳುವ ಮೊದಲು ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡಿ. 1986ರಲ್ಲಿ ವರದಿಯಾದ ಆಂಧ್ರಪ್ರದೇಶ ಹೈಕೋರ್ಟಿನ ಒಂದು ತೀರ್ಪು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಚಿಮಣಿಯಲ್ಲಿದ್ದ ರಂಧ್ರಗಳು ವಾದಿಯ ಮನೆಯ ಕಡೆಗಿದ್ದವು. ಆ ಕಡೆಯ ರಂಧ್ರಗಳನ್ನು ಮುಚ್ಚಬೇಕು ಎನ್ನುವ ಕೆಳಗಿನ ಕೋರ್ಟಿನ ಆದೇಶವನ್ನು ಹೈಕೋರ್ಟ್ ಎತ್ತಿಹಿಡಿಯಿತು. ಎಷ್ಟು ಸಣ್ಣ ಕೆಲಸ ನೋಡಿ. ಇಂಥ ನಿಖರವಾದ ಬೇಡಿಕೆ ಇಟ್ಟರೆ ನ್ಯಾಯಾಧೀಶರಿಗೂ ಕೊಡಲು ಸುಲಭ. ಒಬ್ಬರ ಹೊಟ್ಟೆಪಾಡಿನ ಕೆಲಸ ಮುಚ್ಚಿಸಿ ಎಂದು ಕೇಳಿದರೆ ಅವರು ಹತ್ತು ಸಲ ಯೋಚಿಸುತ್ತಾರೆ.

ಹೊಗೆ ಇಡೀ ಬೀದಿಗೆ ಹರಡುತ್ತಿದ್ದರೆ ದಾರಿ ಬೇರೆ. ಅದು ಸಾರ್ವಜನಿಕ ಉಪದ್ರವ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 91ರ ಅಡಿ ಕೋರ್ಟಿನ ಅನುಮತಿ ಪಡೆದು ಇಬ್ಬರು ಅಥವಾ ಹೆಚ್ಚು ಜನ ದಾವೆ ಹಾಕಬಹುದು, ಇಲ್ಲವೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಸೋರಿಕೆಗೆ: ಮೂರನ್ನೂ ಒಟ್ಟಿಗೆ ಕೇಳಿ

ಒಂದು ಪ್ರಕರಣ ತೆಗೆದುಕೊಳ್ಳೋಣ. ಕೆಳಮನೆಯವರ ಮಲಗುವ ಕೋಣೆಯ ಚಾವಣಿ ಏಳು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಮೇಲೆ ಅಟ್ಯಾಚ್ಡ್ ಬಾತ್‌ರೂಮ್. ಮೇಲ್ಮನೆಯಲ್ಲಿ ಬಾಡಿಗೆದಾರರಿದ್ದಾರೆ, ಮಾಲೀಕರು ಬೇರೆ ಊರಿನಲ್ಲಿ.

ವಕೀಲರ ಹತ್ತಿರ ಹೋಗುವ ಮುಂಚೆ ಮಾಡಬೇಕಾದ ಕೆಲಸ ನೀರಿನ ಮೂಲ ಹುಡುಕುವುದು. ಅನುಭವವಿರುವ ಪ್ಲಂಬರ್ ಮೊದಲು ತೊಟ್ಟಿಕ್ಕುವ ರೀತಿ ನೋಡುತ್ತಾರೆ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ಅನುಮಾನ ಒತ್ತಡದಲ್ಲಿ ನೀರು ತರುವ ಪೈಪಿನ ಮೇಲೆ. ಮೇಲ್ಮನೆಯ ಮುಖ್ಯ ವಾಲ್ವ್ ಕೆಲವು ಗಂಟೆ ಬಂದ್ ಮಾಡಿದಾಗ ಕ್ರಮೇಣ ಕಡಿಮೆಯಾದರೆ ಅನುಮಾನ ಗಟ್ಟಿಯಾಗುತ್ತದೆ. ಅವರು ಸ್ನಾನ ಮಾಡಿದ ಕೂಡಲೇ ಶುರುವಾಗಿ ಆಮೇಲೆ ನಿಂತರೆ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಅಥವಾ ಕೊಳೆನೀರಿನ ಪೈಪಿನ ಜಾಯಿಂಟು. ತಡವಾಗಿ ಶುರುವಾಗಿ ನಿಧಾನವಾಗಿ ಹರಡಿದರೆ ಟೈಲ್ಸ್ ಸಂದು ಮತ್ತು ಅದರ ಕೆಳಗಿನ ವಾಟರ್‌ಪ್ರೂಫಿಂಗ್. ಇದನ್ನು ಖಚಿತ ಮಾಡಲು ಟ್ರ್ಯಾಪ್ ಮುಚ್ಚಿ, ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ 24 ಗಂಟೆ ಕಾಯುತ್ತಾರೆ. ನೀರಿಗೆ ಬಣ್ಣ ಹಾಕಿದರೆ ಇನ್ನೂ ಸ್ಪಷ್ಟ.

ಇದು ಸುಮ್ನೆ ತಾಂತ್ರಿಕ ವಿಷಯವಲ್ಲ. ಯಾರ ಮೇಲೆ ದಾವೆ ಹಾಕಬೇಕು ಎನ್ನುವುದು ಇದರ ಮೇಲೇ ನಿಂತಿದೆ. ಸೋರುತ್ತಿರುವುದು ಎಲ್ಲ ಮನೆಗಳಿಗೂ ಸೇರಿದ ಶಾಫ್ಟ್ ಪೈಪು ಎಂದಾದರೆ ಮಾಲೀಕರ ಸಂಘವನ್ನೂ ಪ್ರತಿವಾದಿ ಮಾಡಬೇಕು. ಬಾತ್‌ರೂಮಿನ ನೆಲ ಎಂದಾದರೆ ಮೇಲ್ಮನೆಯ ಮಾಲೀಕರನ್ನು. ನೆಲ ಒಡೆದು ಕಟ್ಟುವ ಅಧಿಕಾರ ಬಾಡಿಗೆದಾರರಿಗೆ ಇಲ್ಲ, ಅವರ ಒಬ್ಬರ ಮೇಲೆ ಪಡೆದ ಡಿಕ್ರಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಕೆಲಸದವರನ್ನು ಒಳಗೆ ಬಿಡಬೇಕಾದವರು ಬಾಡಿಗೆದಾರರೇ. ಹಾಗಾಗಿ ಇಬ್ಬರನ್ನೂ ಸೇರಿಸುವುದು ಒಳ್ಳೆಯದು. (ಸದ್ದಿನ ಕೇಸಿನಲ್ಲಿ ಇದು ತಲೆಕೆಳಗು. ಅಲ್ಲಿ ಸದ್ದು ಮಾಡುವ ಬಾಡಿಗೆದಾರರೇ ಮುಖ್ಯ ಪ್ರತಿವಾದಿ.)

ನಮ್ಮ ಪ್ರಕರಣದಲ್ಲಿ ನೀರು ನಿಲ್ಲಿಸಿದ ಮರುದಿನ ಬಣ್ಣ ಕೆಳಗೆ ಕಂಡಿತು. ಅಂದರೆ ನೆಲವೇ ಕಾರಣ. ಕೆಳಮನೆಯವರು ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿದರು, ಫೋಟೋಗಳ ಸಮೇತ. ಖಾಸಗಿ ವ್ಯಕ್ತಿಯ ಮೇಲಿನ ದಾವೆಗೆ ನೋಟಿಸ್ ಕಡ್ಡಾಯವಲ್ಲ. ಆದರೂ ಕಳಿಸಲೇಬೇಕು ಅಂತೀನಿ. ಆ ತಾರೀಖಿನ ನಂತರ "ನನಗೆ ಗೊತ್ತೇ ಇರಲಿಲ್ಲ" ಎನ್ನುವ ಮಾತು ಮಾಲೀಕರ ಬಾಯಲ್ಲಿ ನಿಲ್ಲುವುದಿಲ್ಲ.

ಇನ್ನು ದಾವೆಯ ಪ್ರಾರ್ಥನೆ. ನಾನು ಹೆಚ್ಚು ಸಲ ನೋಡುವ ಸಾಲು ಇದು: "ಪ್ರತಿವಾದಿಯು ವಾದಿಯ ಮನೆಗೆ ನೀರು ಸೋರದಂತೆ ಶಾಶ್ವತ ನಿರ್ಬಂಧಕಾಜ್ಞೆ ನೀಡಬೇಕು." ಓದಲು ಸರಿಯಾಗಿಯೇ ಇದೆ. ಆದರೆ ಪ್ರತಿವಾದಿ ಯಾವ ಕೆಲಸ, ಯಾವಾಗ ಮಾಡಬೇಕು ಎನ್ನುವುದೇ ಇದರಲ್ಲಿಲ್ಲ. ನಾಳೆ ಜಾರಿಗೆ ಹೋದರೆ ಅವರು ಸಂದಿಗೆ ಎರಡು ಚಮಚ ಬಿಳಿ ಸಿಮೆಂಟ್ ಮೆತ್ತಿ "ಮಾಡಿದೀನಿ ಸ್ವಾಮಿ" ಎನ್ನುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: "ಪ್ರತಿವಾದಿಯು ಡಿಕ್ರಿಯ ದಿನದಿಂದ 60 ದಿನಗಳೊಳಗೆ ತನ್ನ ಬಾತ್‌ರೂಮಿನ ಟೈಲ್ಸ್ ತೆಗೆಸಿ, ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ, 24 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿ ತೋರಿಸಬೇಕು. ತಪ್ಪಿದರೆ ನ್ಯಾಯಾಲಯದ ಮೂಲಕ ಆ ಕೆಲಸ ಮಾಡಿಸಿ ಖರ್ಚನ್ನು ಪ್ರತಿವಾದಿಯಿಂದ ವಸೂಲು ಮಾಡಬೇಕು." ಕೊನೆಯ ವಾಕ್ಯ ಹೊಸ ಹಕ್ಕೇನೂ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 32ರಲ್ಲೇ ಇದೆ. ಡಿಕ್ರಿ ಪಾಲಿಸದವರ ಆಸ್ತಿ ಜಪ್ತಿ ಮಾಡಬಹುದು, ಸಿವಿಲ್ ಸೆರೆಗೆ ಕಳಿಸಬಹುದು, ಅಥವಾ ಕೆಲಸವನ್ನೇ ಬೇರೆಯವರಿಂದ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಆದರೆ ಯಾವ ಕೆಲಸ ಎಂದು ಡಿಕ್ರಿಯಲ್ಲಿ ಬರೆದಿದ್ದರೆ ಮಾತ್ರ ಮಾಡಿಸುವುದು ಸುಲಭ.

ಹಾಗಾದರೆ ಶಾಶ್ವತ ನಿರ್ಬಂಧಕಾಜ್ಞೆ ಬೇಡವೇ? ಬೇಕು, ಜೊತೆಗೆ ಬೇಕು. ಕಾರಣ ಜಾರಿಯ ಗಡುವು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮ್ಯಾಂಡೇಟರಿ ಡಿಕ್ರಿಯ ಜಾರಿಗೆ 3 ವರ್ಷದೊಳಗೆ ಅರ್ಜಿ ಹಾಕಬೇಕು. ಕೆಲಸಕ್ಕೆ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ ಲೆಕ್ಕ. ಶಾಶ್ವತ ನಿರ್ಬಂಧಕಾಜ್ಞೆಯ ಜಾರಿಗೆ ಇಂಥ ಗಡುವಿಲ್ಲ. ದುರಸ್ತಿಯಾಗಿ ಐದು ವರ್ಷದ ಮೇಲೆ ಅದೇ ಜಾಗ ಮತ್ತೆ ಸೋರಿದರೆ ಹೊಸ ದಾವೆಯ ಬದಲು ಹಳೆಯ ಡಿಕ್ರಿ ಹಿಡಿದೇ ಹೋಗಲು ಅದು ದಾರಿ ಬಿಡುತ್ತದೆ.

ಮೂರನೆಯದು ದುಡ್ಡು. ಕೆಳಮನೆಯವರ ಲೆಕ್ಕ ಹೀಗಿತ್ತು: ಚಾವಣಿಯ ಗಾರೆ ಮತ್ತು ಬಣ್ಣಕ್ಕೆ 28,000 ರೂಪಾಯಿ, ಹಾಳಾದ ಕಪಾಟಿಗೆ 42,000, ಆ ಕೋಣೆಯಲ್ಲಿ ಬಾಡಿಗೆಗಿದ್ದವರು ಬಿಟ್ಟುಹೋದದ್ದರಿಂದ 5 ತಿಂಗಳಿಗೆ 6,000ದಂತೆ 30,000. ಒಟ್ಟು ಒಂದು ಲಕ್ಷ. ಇದರಲ್ಲಿ ಗಾರೆಯ ಖರ್ಚು ಬಿಲ್ ಇದ್ದರೆ ಬಹುತೇಕ ನಿಲ್ಲುತ್ತದೆ. ಬಾಡಿಗೆಗೆ ಕರಾರು ಪತ್ರ, ಬ್ಯಾಂಕ್ ಜಮೆ ತೋರಿಸಬೇಕು. ಕಪಾಟಿನಲ್ಲಿ ಪೆಟ್ಟು ಬೀಳುತ್ತದೆ. 42,000 ಹೊಸದರ ಬೆಲೆ, ಹಾಳಾದದ್ದು ಎಂಟು ವರ್ಷ ಹಳೆಯದು. ಜೊತೆಗೆ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ: "ನೀರು ಬೀಳುವುದು ಕಂಡ ಮೇಲೂ ಯಾಕೆ ಸರಿಸಲಿಲ್ಲ?" ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿಯೂ ಹೌದು. ಗೋಡೆಗೆ ಹೊಡೆದ ಕಪಾಟು, ಸರಿಸಲು ಆಗುತ್ತಿರಲಿಲ್ಲ ಎಂದಿದ್ದರೆ ಅದರ ಫೋಟೋ ಇಟ್ಟುಕೊಳ್ಳಿ. ಫೋನಿನ ಫೋಟೋಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಆ ಫೋನನ್ನು ಮಾರಿಬಿಡಬೇಡಿ.

ದುಡ್ಡನ್ನು ಆಮೇಲೆ ಬೇರೆ ಕೇಸಿನಲ್ಲಿ ಕೇಳೋಣ, ಈಗ ಸುಮ್ನೆ ಕೋರ್ಟ್ ಶುಲ್ಕ ಯಾಕೆ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು. ದಾವೆಯಲ್ಲಿ ಕೇಳದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 40ರ ಅಡಿ ನಷ್ಟ ಪರಿಹಾರ ಕೊಡುವಂತಿಲ್ಲ. ನಡುವೆ ತಿದ್ದುಪಡಿ ಮಾಡಿಸಿ ಸೇರಿಸಬಹುದು, ಅಷ್ಟೇ. ನಿರ್ಬಂಧಕಾಜ್ಞೆಯ ದಾವೆ ವಜಾ ಆದರೆ ಅದೇ ಉಲ್ಲಂಘನೆಗೆ ನಷ್ಟ ಪರಿಹಾರದ ಹೊಸ ದಾವೆ ಹಾಕುವ ಹಕ್ಕೂ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ದಾವೆ ಹಾಕಿದ ಎರಡನೇ ತಿಂಗಳಿಗೆ ಮಾಲೀಕರು ಹೆದರಿ ದುರಸ್ತಿ ಮಾಡಿಸಿಬಿಟ್ಟರು ಅನ್ನಿ. "ಸರಿಪಡಿಸು" ಎನ್ನುವ ಬೇಡಿಕೆಗೆ ಅಲ್ಲಿಗೆ ಅರ್ಥವಿಲ್ಲ. ಉಳಿಯುವುದು ದುಡ್ಡಿನ ಬೇಡಿಕೆ ಮಾತ್ರ. ಅದನ್ನು ಬರೆದಿರದಿದ್ದರೆ ಹಾಳಾದ ಚಾವಣಿ ನಿಮ್ಮ ಖರ್ಚಿಗೇ. ಸೋರಿಕೆ ದಿನದಿನ ಮುಂದುವರಿಯುವ ತಪ್ಪು, ಹಾಗಾಗಿ ಕಾಲಮಿತಿ ದಿನದಿನ ಹೊಸದಾಗಿ ಶುರುವಾಗುತ್ತದೆ. ಆದರೂ ಹಳೆಯ ನಷ್ಟಕ್ಕೆ ಸಾಮಾನ್ಯವಾಗಿ ದಾವೆಯ ಹಿಂದಿನ 3 ವರ್ಷದ್ದು ಮಾತ್ರ ಸಿಗುತ್ತದೆ.

ಕೇಸು ಮುಗಿಯುವ ತನಕ ಏನು ಮಾಡುವುದು?

ಸಿವಿಲ್ ದಾವೆ ವರ್ಷಗಟ್ಟಲೆ ನಡೆಯುತ್ತದೆ, ಚಾವಣಿ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಎಲ್ಲರೂ ತಾತ್ಕಾಲಿಕ ಆದೇಶ ಕೇಳುತ್ತಾರೆ. ಇಲ್ಲೂ ಎರಡು ಆಯ್ಕೆ. "ಈಗಲೇ ನೆಲ ಒಡೆದು ದುರಸ್ತಿ ಮಾಡಿಸು" ಎನ್ನುವ ತಾತ್ಕಾಲಿಕ ಮ್ಯಾಂಡೇಟರಿ ಆದೇಶ ಸಿಗುವುದು ಅಪರೂಪ. ಮೇಲ್ನೋಟಕ್ಕೆ ಕೇಸು ಇದೆ ಎಂದರೆ ಸಾಲದು, ಅದಕ್ಕಿಂತ ಗಟ್ಟಿಯಾದ ಪ್ರಕರಣ ಇರಬೇಕು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ಅದಕ್ಕೆ ಹೋಲಿಸಿದರೆ "ದುರಸ್ತಿಯಾಗುವ ತನಕ ಈ ಬಾತ್‌ರೂಮ್ ಬಳಸಬೇಡ" ಎನ್ನುವ ತಡೆ ಸಿಗುವ ಸಾಧ್ಯತೆ ಹೆಚ್ಚು, ಮೇಲ್ಮನೆಯಲ್ಲಿ ಇನ್ನೊಂದು ಬಾತ್‌ರೂಮ್ ಇದ್ದರಂತೂ ಖಂಡಿತ ಕೇಳಿ ನೋಡಬೇಕು. ಮನೆಗೆ ಒಂದೇ ಬಾತ್‌ರೂಮ್ ಇದ್ದರೆ ಯಾವ ನ್ಯಾಯಾಧೀಶರೂ ಹಿಂದೆಮುಂದೆ ನೋಡುತ್ತಾರೆ, ಅದು ಸಹಜ. ತಾತ್ಕಾಲಿಕ ತಡೆ ಮೀರಿದರೆ ಆಸ್ತಿ ಜಪ್ತಿ ಇದೆ, 3 ತಿಂಗಳವರೆಗೆ ಸಿವಿಲ್ ಸೆರೆಯೂ ಇದೆ.

ನನ್ನ ಅನಿಸಿಕೆಯಲ್ಲಿ ಸೋರಿಕೆಯ ಕೇಸಿಗೆ ತಿರುವು ಕೊಡುವುದು ಕೋರ್ಟ್ ಕಮಿಷನರ್. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಅರ್ಜಿ ಹಾಕಿದರೆ ಕೋರ್ಟ್ ಒಬ್ಬರನ್ನು ಸ್ಥಳಕ್ಕೆ ಕಳಿಸಬಹುದು. ಬರೀ ವಕೀಲರು ಬಂದು "ಚಾವಣಿಯಲ್ಲಿ ತೇವ ಕಂಡಿತು" ಎಂದು ಬರೆದರೆ ಪ್ರಯೋಜನ ಕಡಿಮೆ, ಏಕೆಂದರೆ ತೇವ ಇದೆ ಎನ್ನುವುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಸಿವಿಲ್ ಎಂಜಿನಿಯರ್ ಬೇಕು ಎಂದು ಕೇಳಿ. ಅರ್ಜಿಯಲ್ಲೇ ಪ್ರಶ್ನೆಗಳನ್ನು ಬರೆದುಕೊಡಿ: ನೀರಿನ ಮೂಲ ಯಾವುದು, ನೀರು ನಿಲ್ಲಿಸಿದ ಪರೀಕ್ಷೆಯಲ್ಲಿ ಏನು ಕಂಡಿತು, ಯಾವ ದುರಸ್ತಿ ಬೇಕು, ಅಂದಾಜು ಖರ್ಚೆಷ್ಟು. "ವಾದಿ ಸಾಕ್ಷ್ಯ ಹುಡುಕಲು ಕಮಿಷನರ್ ಕೇಳುತ್ತಿದ್ದಾರೆ" ಎನ್ನುವ ಆಕ್ಷೇಪ ಬಂದೇ ಬರುತ್ತದೆ. ನಿಮ್ಮ ಪ್ಲಂಬರ್ ವರದಿ ಮೊದಲೇ ಕಡತದಲ್ಲಿದ್ದರೆ ಆ ಆಕ್ಷೇಪಕ್ಕೆ ಬಲ ಇರುವುದಿಲ್ಲ. ಸದ್ದಿನ ಕೇಸಿಗೆ ಮಾತ್ರ ಈ ದಾರಿ ಹೊಂದುವುದು ಕಷ್ಟ. ಕಮಿಷನರ್ ಬರುವ ದಿನ ಎರಡೂ ಕಡೆಗೆ ಮೊದಲೇ ತಿಳಿಯುತ್ತದೆ, ಅಂದು ಮೆಷಿನ್ ಮೌನವಾಗಿರುತ್ತದೆ. ತೇವವನ್ನು ಹಾಗೆ ಒಂದು ದಿನದ ಮಟ್ಟಿಗೆ ಅಡಗಿಸಲು ಆಗುವುದಿಲ್ಲ ಅಲ್ವಾ.

ಕೆಳಮನೆಯವರ ಪ್ರಕರಣದಲ್ಲಿ ಎಂಜಿನಿಯರ್ ವರದಿ ಬಂದ ಮೇಲೆ ಮಾಲೀಕರು ರಾಜಿಗೆ ಬಂದರು. ಖರ್ಚಿನ ಅಂದಾಜು ಕಣ್ಣಮುಂದೆ ಇದ್ದಾಗ ವಾದ ಬೇಗ ತಣ್ಣಗಾಗುತ್ತದೆ. ರಾಜಿ ಮಾಡಿಕೊಳ್ಳುವುದಾದರೆ ಬಾಯಿಮಾತಿನ ಮೇಲೆ ದಾವೆ ವಾಪಸ್ ತೆಗೆದುಕೊಳ್ಳಬೇಡಿ. ಆದೇಶ 23, ನಿಯಮ 3ರಡಿ ರಾಜಿಯನ್ನೇ ಡಿಕ್ರಿ ಮಾಡಿಸಿ. ಇವರ ರಾಜಿ ಪತ್ರದಲ್ಲಿ ನಾಲ್ಕು ಮಾತು ಇದ್ದವು. ಮಾಲೀಕರು 45 ದಿನದಲ್ಲಿ ನೆಲ ಬಿಚ್ಚಿಸಿ ಕೆಲಸ ಮಾಡಿಸುತ್ತಾರೆ. ಬಾಡಿಗೆದಾರರು ಆ ದಿನಗಳಲ್ಲಿ ಬಾಗಿಲು ತೆರೆದುಕೊಡುತ್ತಾರೆ. ನಷ್ಟಕ್ಕೆ 65,000 ರೂಪಾಯಿ ಎರಡು ಕಂತಿನಲ್ಲಿ. ಹೊಸ ಟೈಲ್ಸ್ ಹಾಕುವ ಮುಂಚೆ, ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, 24 ಗಂಟೆ ನೀರು ನಿಲ್ಲಿಸಿ ಕೆಳಮನೆಯವರಿಗೆ ತೋರಿಸಬೇಕು. ಎರಡನೇ ಕಂತು ಆ ಪರೀಕ್ಷೆಯ ಮರುದಿನ. ಮೊದಲ ಸಲ ನೀರು ನಿಲ್ಲಿಸಿದಾಗ ಮೂಲೆಯಲ್ಲಿ ಒಂದು ಕಡೆ ತೇವ ಕಂಡಿತು. ಟೈಲ್ಸ್ ಇನ್ನೂ ಹಾಕಿರಲಿಲ್ಲವಾದ್ದರಿಂದ ಆ ಮೂಲೆಯಷ್ಟನ್ನೇ ಮತ್ತೆ ಮಾಡಿಸಿ, ಇನ್ನೊಂದು ಸಲ ನೀರು ನಿಲ್ಲಿಸಿದರು. ಆಗ ಚಾವಣಿ ಒಣಗಿಯೇ ಇತ್ತು.